ಎರಡೆಳೆ ಲೆಕ್ಕದ ಕ್ರಾಸ್ ಸ್ಟಿಚ್: ಈವನ್‌ವೀವ್ ಬಟ್ಟೆಯಲ್ಲಿ ಒಂದು ದಾಳಿಂಬೆ, ಹಿಂಬದಿಯೂ ಒಪ್ಪವಾಗಿ

ನಮ್ಮ ಕಡೆ ಕ್ರಾಸ್ ಸ್ಟಿಚ್ ಕಲಿತವರಲ್ಲಿ ಹೆಚ್ಚಿನವರು ಶುರು ಮಾಡಿದ್ದು ಮ್ಯಾಟಿ ಬಟ್ಟೆಯಲ್ಲಿ, ಇಲ್ಲವೇ ಐಡಾದಲ್ಲಿ. ಅಲ್ಲಿ ಚೌಕಗಳು ಕಣ್ಣಿಗೆ ಕಾಣುತ್ತವೆ. ನಾಲ್ಕು ಮೂಲೆಗೆ ನಾಲ್ಕು ತೂತು, ಒಂದು ಚೌಕಕ್ಕೆ ಒಂದು ಕ್ರಾಸ್. ಈವನ್‌ವೀವ್‌ನಲ್ಲಿ ಚೌಕವೇ ಇಲ್ಲ. ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ ಅಂತ ಸಾದಾ ನೇಯ್ಗೆ. ಅಡ್ಡಕ್ಕೂ ಉದ್ದಕ್ಕೂ ಒಂದು ಇಂಚಿಗೆ ಅಷ್ಟೇ ಎಳೆ. ಎರಡು ನಿಂತ ಎಳೆ, ಎರಡು ಅಡ್ಡ ಎಳೆ ಸೇರಿಸಿ ಚೌಕವನ್ನು ನಾವೇ ಮನಸ್ಸಿನಲ್ಲಿ ಕಟ್ಟಿಕೊಳ್ಳಬೇಕು. ಇದಕ್ಕೇ ಎರಡೆಳೆ ಲೆಕ್ಕ ಅನ್ನುವುದು.

ಅಷ್ಟು ಕಷ್ಟಪಟ್ಟು ಅದನ್ನೇ ಯಾಕೆ ಹಿಡಿಯಬೇಕು? ಹೊಲಿಯದೆ ಬಿಟ್ಟ ಜಾಗ ಅಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ, ಅದಕ್ಕೆ. ಐಡಾದ ಚೌಕಳಿ ಕಾಣುವುದಿಲ್ಲ, ನಯವಾದ ಬಟ್ಟೆಯ ಮೇಲೆ ಚಿತ್ರ ತಾನಾಗಿ ಕೂತ ಹಾಗಿರುತ್ತದೆ. ಆದರೆ ಎಳೆಗಳ ನಡುವೆ ಸಣ್ಣ ಸಂದುಗಳಿರುವುದರಿಂದ ಹಿಂದಿನದೆಲ್ಲ ಮುಂದಕ್ಕೆ ಇಣುಕುತ್ತದೆ. ದಾವಣಗೆರೆಯಲ್ಲಿ ನಮ್ಮ ಬೀದಿಯ ಹುಡುಗಿಯೊಬ್ಬಳು ಫ್ರೇಮ್ ಹಾಕಿಸಿದ ಹೂವಿನ ಚಿತ್ರ ತಂದು ಕೇಳಿದಳು: "ಅಕ್ಕಾ, ಹೊಲಿಯುವಾಗ ಎಲ್ಲಾ ಸರಿ ಇತ್ತು. ಫ್ರೇಮ್ ಆದ ಮೇಲೆ ಹೂವಿನ ಮಧ್ಯೆ ಈ ಕಪ್ಪು ಗೆರೆ ಎಲ್ಲಿಂದ ಬಂತು?" ಗೆರೆ ಎಲ್ಲಿಂದಲೂ ಬಂದಿರಲಿಲ್ಲ, ಮೊದಲಿನಿಂದಲೂ ಅಲ್ಲೇ ಇತ್ತು. ಒಂದು ಹೂವಿನಿಂದ ಇನ್ನೊಂದಕ್ಕೆ ಹಿಂಬದಿಯಲ್ಲಿ ಹಾರಿಸಿದ ಕಡು ದಾರ ಅದು. ಫ್ರೇಮಿನ ಬಿಳಿ ಹಲಗೆ ಹಿಂದೆ ಬಂದಾಗ ಎದ್ದು ಕಂಡಿದೆ.

ಹಿಂಬದಿ ಒಪ್ಪವಾಗಿರಬೇಕಾದರೆ ಮುಗಿದ ಮೇಲೆ ಸರಿಮಾಡುತ್ತೇನೆ ಅಂದರೆ ಆಗುವುದಿಲ್ಲ. ಯಾವ ಬಣ್ಣ ಮೊದಲು, ಯಾವ ಕ್ರಾಸ್ ಆದ ಮೇಲೆ ಯಾವುದು, ದಾರ ಯಾವ ಮೂಲೆಯಲ್ಲಿ ಕೆಳಗಿಳಿಯಬೇಕು ಅನ್ನುವುದನ್ನು ಮೊದಲೇ ನೋಡಿಕೊಂಡರೆ ಹಿಂಬದಿ ತಾನೇ ಸರಿಯಾಗುತ್ತದೆ. ಒಂದು ಚಿತ್ರವನ್ನು ಹಿಡಿದು ಇದನ್ನು ಹೇಳುತ್ತೇನೆ: ಅಡ್ಡಕ್ಕೆ ಕೊಯ್ದ ದಾಳಿಂಬೆ. ಹಿರಿಯೂರು, ಹೊಸದುರ್ಗದ ಕಡೆ ತೋಟ ನೋಡಿದವರಿಗೆ ಬಣ್ಣ ಹೇಳಬೇಕಾಗಿಲ್ಲ. ಕಡು ಕೆಂಪು ಬೀಜ, ನಡುವೆ ಕೆನೆ ಬಣ್ಣದ ಗೋಡೆ, ಸುತ್ತ ಸಿಪ್ಪೆ. ತಿಳಿ ಬಣ್ಣದ ಮಧ್ಯೆ ಚದುರಿದ ಕಡು ಬಣ್ಣ. ದಾರ ಹಾರಿಸುವ ಆಸೆ ಹುಟ್ಟಿಸುವುದಕ್ಕೆ ಇದಕ್ಕಿಂತ ಬೇರೆ ಚಿತ್ರ ಬೇಡ.

ಬಟ್ಟೆ, ಸೂಜಿ, ದಾರ

28 ಕೌಂಟ್ ಬಟ್ಟೆ ತೆಗೆದುಕೊಳ್ಳಿ. ಇಂಚಿಗೆ 28 ಎಳೆ ಅಂತ ಅರ್ಥ. ಎರಡೆಳೆಗೆ ಒಂದು ಕ್ರಾಸ್ ಅಂದರೆ ಇಂಚಿಗೆ 14 ಕ್ರಾಸ್. 14 ಕೌಂಟ್ ಐಡಾದಲ್ಲಿ ಬರುವ ಅಳತೆಯೇ ಇಲ್ಲೂ ಬರುತ್ತದೆ, ಹಾಗಾಗಿ ನಿಮ್ಮ ಹಳೆಯ ಚಾರ್ಟುಗಳೆಲ್ಲ ಹಾಗೇ ಉಪಯೋಗಕ್ಕೆ ಬರುತ್ತವೆ. 32 ಕೌಂಟ್ ಆದರೆ ಇಂಚಿಗೆ 16 ಕ್ರಾಸ್. ಮೊದಲ ಸಲಕ್ಕೆ ಅದು ಬೇಡ. ಲಿನನ್ ಕೂಡ ಬೇಡ, ಅದರ ಎಳೆಗಳು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಇದ್ದು ಲೆಕ್ಕ ತಪ್ಪಿಸುತ್ತವೆ. ಹತ್ತಿಯದು ಅಥವಾ ಹತ್ತಿ ಮಿಶ್ರಣದ್ದು ಒಳ್ಳೆಯದು.

ಮಂಡಿಪೇಟೆ ಕಡೆಯ ಹೊಲಿಗೆ ಸಾಮಾನಿನ ಅಂಗಡಿಗಳಲ್ಲಿ ಮ್ಯಾಟಿ, ದಾರ, ರಿಂಗು ಕೇಳಿದರೆ ಸಿಗುತ್ತವೆ. ಈವನ್‌ವೀವ್ ಅನ್ನು ಸಾಮಾನ್ಯವಾಗಿ ಆನ್‌ಲೈನ್‌ನಲ್ಲೇ ತರಿಸಬೇಕಾಗುತ್ತದೆ. ಅಂಗಡಿಯಲ್ಲಿ ಯಾವುದೋ ಸಾದಾ ನೇಯ್ಗೆಯ ಕಟ್‌ಪೀಸ್ ಚೆನ್ನಾಗಿ ಕಂಡರೆ ಸುಮ್ನೆ ತಂದುಬಿಡಬೇಡಿ. ಒಂದು ಇಂಚು ಅಳೆದು, ಸೂಜಿ ಮೊನೆಯಿಂದ ಅಡ್ಡಕ್ಕೆ ಒಮ್ಮೆ, ಉದ್ದಕ್ಕೆ ಒಮ್ಮೆ ಎಳೆ ಎಣಿಸಿ. ಎರಡೂ ಒಂದೇ ಬರಬೇಕು. ಒಂದು ಕಡೆ 28, ಇನ್ನೊಂದು ಕಡೆ 33 ಬಂದರೆ ನಮ್ಮ ದಾಳಿಂಬೆ 3 ಇಂಚು ಅಗಲ, ಎರಡೂವರೆ ಇಂಚು ಎತ್ತರ ಆಗುತ್ತದೆ. ದುಂಡನೆಯ ಹಣ್ಣು ಚಪ್ಪಟೆಯಾಗಿ ಕೂರುತ್ತದೆ.

ನಮ್ಮ ಚಾರ್ಟ್ ಅಡ್ಡ 42 ಚೌಕ, ಉದ್ದ 42 ಚೌಕ. ಎರಡೆಳೆಯಂತೆ 84 ಎಳೆ, ಅಂದರೆ ಸರಿಯಾಗಿ 3 ಇಂಚು. ನಾಲ್ಕೂ ಕಡೆ 3 ಇಂಚು ಬಿಡಬೇಕು, ಫ್ರೇಮ್ ಹಾಕುವವರಿಗೆ ಹಿಂದಕ್ಕೆ ಮಡಚಲು ಅಷ್ಟು ಬೇಕೇ ಬೇಕು. ಹಾಗಾಗಿ 9 ಇಂಚಿನ ಚೌಕ ಕತ್ತರಿಸಿ. ಈ ಬಟ್ಟೆಯ ಅಂಚು ಬೇಗ ಪಿಸಿಯುತ್ತದೆ. ಮಷಿನ್ ಇದ್ದರೆ ಜಿಗ್‌ಜ್ಯಾಗ್ ಹೊಲಿಗೆ ಹಾಕಿ, ಇಲ್ಲದಿದ್ದರೆ ಕೈಯಲ್ಲೇ ಅಂಚು ಸುತ್ತಿ ಹೊಲಿಯಿರಿ.

ಸೂಜಿ 26 ನಂಬರಿನ ಟ್ಯಾಪೆಸ್ಟ್ರಿ ಸೂಜಿ, ಮೊಂಡು ತುದಿಯದು. ಚೂಪು ಸೂಜಿ ತೂತಿನ ಬದಲು ಎಳೆಯನ್ನೇ ಸೀಳಿಕೊಂಡು ಹೋಗುತ್ತದೆ. ಸೀಳಿದ ಎಳೆಯ ಮೇಲೆ ಕೂತ ಕ್ರಾಸ್ ಸೊಟ್ಟಗಿರುತ್ತದೆ, ಪಕ್ಕದ ಎಣಿಕೆಯೂ ಕೆಡುತ್ತದೆ. ಕಸೂತಿ ದಾರದ ಲಡಿಯಲ್ಲಿ ಆರು ಎಳೆ ಕೂಡಿರುತ್ತವೆ. ನಮಗೆ ಬೇಕಾದದ್ದು ಎರಡು. ಕಡು ಕೆಂಪಿನ ದಾರವನ್ನು ಮಾತ್ರ ಮೊದಲೇ ಪರೀಕ್ಷೆ ಮಾಡಿ: ಒಂದು ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಒತ್ತಿಡಿ. ಬಣ್ಣ ಬಿಟ್ಟರೆ ಆ ಲಡಿಯನ್ನು ಕೆನೆ ಬಣ್ಣದ ಪಕ್ಕ ತರಲೇಬೇಡಿ.

ಎಣಿಕೆಗೆ ಗೆರೆ ಹಾಕಿಕೊಳ್ಳುವುದು

ಬಟ್ಟೆಯನ್ನು ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಮಡಚಿ ನಡು ಗುರುತಿಸಿ. ಆ ನಡುವಿನಿಂದ ತಿಳಿ ಬಣ್ಣದ ಹೊಲಿಗೆ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ: ಹತ್ತು ಎಳೆಯ ಮೇಲೆ, ಹತ್ತು ಎಳೆಯ ಕೆಳಗೆ. ಒಂದೊಂದು ತುಂಡೂ ಐದು ಕ್ರಾಸಿನ ಅಳತೆ. ಮೇಲಿನದೊಂದು, ಕೆಳಗಿನದೊಂದು ಸೇರಿದರೆ ಚಾರ್ಟಿನಲ್ಲಿರುವ ಹತ್ತರ ದಪ್ಪ ಗೆರೆ. ಕಡು ಬಣ್ಣದ ದಾರ ಇದಕ್ಕೆ ಬೇಡ, ಕಿತ್ತ ಮೇಲೆ ಅದರ ನಾರು ತಿಳಿ ಬಟ್ಟೆಯಲ್ಲಿ ಉಳಿದುಬಿಡುತ್ತದೆ.

ನಡುವಿನ ಎರಡು ಗೆರೆ ಆದ ಮೇಲೆ, ಪ್ರತಿ 20 ಎಳೆಗೆ ಒಂದರಂತೆ ಉಳಿದ ಗೆರೆಗಳನ್ನೂ ಹಾಕಿ. ಸಣ್ಣ ಚಿತ್ರಕ್ಕೆ ಇಷ್ಟೆಲ್ಲ ಯಾಕೆ ಅನ್ನಿಸಬಹುದು. ಆದರೆ ದುಂಡನೆಯ ಸಿಪ್ಪೆ ಒಂದು ಸುತ್ತು ಬಂದು ತನ್ನನ್ನೇ ಕೂಡಬೇಕು ಅಲ್ವಾ? ಎಲ್ಲೋ ಒಂದು ಎಳೆ ತಪ್ಪಿದ್ದರೆ ಅದು ಗೊತ್ತಾಗುವುದು ಸುತ್ತು ಮುಗಿದಾಗ. ಆಗ ಬಿಚ್ಚುವುದಕ್ಕಿಂತ ಈಗ ಗೆರೆ ಹಾಕುವುದೇ ಲೇಸು.

ಎಣಿಸುವಾಗ ತೊಡೆಯ ಮೇಲೆ ಒಂದು ಕಪ್ಪು ಬಟ್ಟೆ ಹಾಸಿಕೊಳ್ಳಿ. ತಿಳಿ ಬಟ್ಟೆಯ ತೂತುಗಳು ಕಪ್ಪು ಚುಕ್ಕಿಗಳಾಗಿ ಕಾಣುತ್ತವೆ. ಬೆಳಗಿನ ಹೊತ್ತು ಕಿಟಕಿಯ ಪಕ್ಕ ಕೂತರೆ ಇನ್ನೂ ಒಳ್ಳೆಯದು.

ಎಳೆ ತಪ್ಪಿದ್ದನ್ನು ಬಟ್ಟೆಯೇ ಹೇಳುತ್ತದೆ

ಈವನ್‌ವೀವ್‌ನಲ್ಲಿ ಕೆಲಸ ಮಾಡುವವರು ತಿಳಿದಿರಲೇಬೇಕಾದ ಒಂದು ಗುಟ್ಟು ಇದು. ಬಟ್ಟೆಯನ್ನು ಹತ್ತಿರದಿಂದ ನೋಡಿ. ನಿಂತ ಎಳೆಯೂ ಅಡ್ಡ ಎಳೆಯೂ ಕೂಡುವ ಪ್ರತಿ ಜಾಗದಲ್ಲಿ ಯಾವುದೋ ಒಂದು ಮೇಲಿರುತ್ತದೆ. ಒಂದು ಕೂಡುವಿಕೆಯಲ್ಲಿ ನಿಂತ ಎಳೆ ಮೇಲಿದ್ದರೆ, ಅದರ ಪಕ್ಕದ್ದರಲ್ಲಿ ಅಡ್ಡ ಎಳೆ ಮೇಲೆ. ಮತ್ತೆ ಮುಂದಿನದರಲ್ಲಿ ನಿಂತ ಎಳೆ. ಹೀಗೆ ಒಂದು ಬಿಟ್ಟು ಒಂದು.

ಮೊದಲ ಕ್ರಾಸಿನ ಎಡ ಕೆಳಮೂಲೆಯ ತೂತನ್ನು ಆರಿಸುವಾಗ, ಆ ತೂತಿಗೆ ತಾಗಿದಂತೆ ಬಲಕ್ಕೆ, ಸ್ವಲ್ಪ ಮೇಲೆ ಇರುವ ಕೂಡುವಿಕೆಯನ್ನು ನೋಡಿ. ಅಲ್ಲಿ ನಿಂತ ಎಳೆ ಮೇಲಿರಬೇಕು. ಇಲ್ಲದಿದ್ದರೆ ಒಂದು ಎಳೆ ಪಕ್ಕಕ್ಕೆ ಸರಿಯಿರಿ, ಹಾಕಿದ ಗೆರೆಯನ್ನೂ ಅದಕ್ಕೆ ಹೊಂದಿಸಿಕೊಳ್ಳಿ. ಇದರಿಂದ ಎರಡು ಲಾಭ. ಒಂದು, ಮೇಲಿರುವ ಆ ನಿಂತ ಎಳೆ ದಾರವನ್ನು ತಡೆದು ಹಿಡಿಯುತ್ತದೆ. ಹೊಲಿಗೆ ಎಳೆಯ ಅಡಿಗೆ ಜಾರಿ ಸಣ್ಣದಾಗುವುದಿಲ್ಲ. ಎರಡನೆಯದು ಇನ್ನೂ ದೊಡ್ಡದು. ನಾವು ಯಾವ ದಿಕ್ಕಿಗೆ ಹೋದರೂ ಎರಡೆರಡು ಎಳೆಯೇ ಹೋಗುತ್ತೇವೆ. ಹಾಗಾಗಿ ಚಿತ್ರದ ಪ್ರತಿಯೊಂದು ಕ್ರಾಸಿನ ಎಡ ಕೆಳಮೂಲೆಯಲ್ಲೂ ಇದೇ ನೋಟ ಇರಬೇಕು. ಸೂಜಿ ಮೇಲೆ ಬಂದಾಗ ಪಕ್ಕದಲ್ಲಿ ಅಡ್ಡ ಎಳೆ ಮೇಲಿದ್ದರೆ ಮುಗಿಯಿತು, ಎಲ್ಲೋ ಒಂದು ಎಳೆ ತಪ್ಪಿದ್ದೀರಿ. ಅಲ್ಲೇ ನಿಲ್ಲಿಸಿ ಎಣಿಸಿ.

ಈ ಗುರುತಿಗೂ ಒಂದು ಮಿತಿ ಇದೆ. ಅಡ್ಡಕ್ಕೆ ಒಂದು, ಉದ್ದಕ್ಕೆ ಒಂದು, ಹೀಗೆ ಒಟ್ಟಿಗೇ ತಪ್ಪಿದರೆ ನೋಟ ಮತ್ತೆ ಸರಿಯಾಗಿಯೇ ಕಾಣುತ್ತದೆ. ಎರಡು ಎಳೆ, ಅಂದರೆ ಪೂರ್ತಿ ಒಂದು ಕ್ರಾಸ್ ತಪ್ಪಿದರೂ ಅಷ್ಟೇ. ಅಂಥ ತಪ್ಪು ಹಿಡಿಯುವುದಕ್ಕೇ ಕಚ್ಚಾ ಹೊಲಿಗೆಯ ಗೆರೆ ಇರುವುದು. ಹತ್ತನೆಯ ಕ್ರಾಸ್ ಗೆರೆಗೆ ಸರಿಯಾಗಿ ಮುಟ್ಟಿತಾ ಅಂತ ನೋಡುತ್ತಾ ಹೋಗಿ.

ಗಂಟಿಲ್ಲದೆ ಶುರು ಮಾಡುವುದು

ಧಾರವಾಡ ಕಡೆಯ ಕಸೂತಿ ನೋಡಿದವರಿಗೆ ಇದು ಹೊಸದಲ್ಲ. ಅಲ್ಲೂ ಎಳೆ ಎಣಿಸಿಯೇ ಹೊಲಿಯುವುದು, ಗಂಟು ಹಾಕುವ ಹಾಗಿಲ್ಲ. ಅಲ್ಲಿನ ಮೆಂತಿ ಹೊಲಿಗೆಯೂ ಒಂದು ಬಗೆಯ ಕ್ರಾಸ್ ಸ್ಟಿಚ್ಚೇ. ನಮ್ಮ ಕೆಲಸದಲ್ಲಿ ಗಂಟಿನ ತೊಂದರೆ ಫ್ರೇಮ್ ಹಾಕುವಾಗ ಗೊತ್ತಾಗುತ್ತದೆ. ಬಟ್ಟೆಯನ್ನು ಹಲಗೆಗೆ ಎಳೆದು ಕೂರಿಸಿದಾಗ ಪ್ರತಿ ಗಂಟೂ ಮುಂದಕ್ಕೆ ಉಬ್ಬುತ್ತದೆ. ಎಳೆಗಳ ಸಂದು ದೊಡ್ಡದಿದ್ದರೆ ಗಂಟು ಪೂರ್ತಿ ಮುಂದಕ್ಕೇ ಬಂದುಬಿಡುವುದೂ ಉಂಟು.

ಎರಡು ಎಳೆಯಲ್ಲಿ ಹೊಲಿಯುವಾಗ ಕುಣಿಕೆ ಹಾಕುವುದೇ ಸುಲಭ. ಲಡಿಯಿಂದ 90 ಸೆಂಟಿಮೀಟರ್ ದಾರ ಕತ್ತರಿಸಿ ಒಂದೇ ಒಂದು ಎಳೆಯನ್ನು ಬಿಡಿಸಿಕೊಳ್ಳಿ. ಅದನ್ನು ನಡುವಿಗೆ ಮಡಚಿ, ಎರಡೂ ತುದಿಗಳನ್ನು ಸೂಜಿಗೆ ಪೋಣಿಸಿ. ಈಗ ದಾರದ ಬಾಲದಲ್ಲಿ ಗಂಟಿನ ಬದಲು ಕುಣಿಕೆ ಇದೆ. ಎಡ ಕೆಳಮೂಲೆಯಲ್ಲಿ ಸೂಜಿ ಮೇಲೆ ತನ್ನಿ, ಕುಣಿಕೆ ಹಿಂದೆ ಸ್ವಲ್ಪ ಉಳಿಯಲಿ. ಬಲ ಮೇಲ್ಮೂಲೆಯಲ್ಲಿ ಕೆಳಗಿಳಿಸಿ. ಬಟ್ಟೆ ತಿರುಗಿಸಿ ಸೂಜಿಯನ್ನು ಆ ಕುಣಿಕೆಯೊಳಗಿಂದ ತೂರಿಸಿ ಮೆಲ್ಲಗೆ ಎಳೆಯಿರಿ. ದಾರ ಸಿಕ್ಕಿಹಾಕಿಕೊಂಡಿತು. ಬಾಲವೂ ಇಲ್ಲ, ಗಂಟೂ ಇಲ್ಲ.

ಹೀಗೆ ಮಡಚಿದ 45 ಸೆಂಟಿಮೀಟರ್ ದಾರದಲ್ಲಿ ಸುಮಾರು 35 ಕ್ರಾಸ್ ಬರುತ್ತವೆ. ಒಂದು ಕ್ರಾಸಿಗೆ ಮುಂದೆ ಹಿಂದೆ ಸೇರಿ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ದಾರ ಹೋಗುತ್ತದೆ. ಇದಕ್ಕಿಂತ ಉದ್ದದ ದಾರ ಹಾಕಿಕೊಂಡರೆ ಮತ್ತೆ ಮತ್ತೆ ಉಜ್ಜಿ ಹೊಳಪು ಹೋಗುತ್ತದೆ, ಸಿಕ್ಕೂ ಆಗುತ್ತದೆ. ದಾರ ಹುರಿಗೊಂಡ ಹಾಗೆ ಕಂಡರೆ ಬಟ್ಟೆಯನ್ನು ಎತ್ತಿ ಹಿಡಿದು ಸೂಜಿಯನ್ನು ಕೆಳಕ್ಕೆ ಇಳಿಬಿಡಿ, ತಾನೇ ಸುತ್ತಿ ಬಿಚ್ಚಿಕೊಳ್ಳುತ್ತದೆ.

ಸಾಲು ಹೊಲಿಯುವ ಕ್ರಮ, ಹಿಂಬದಿಯಲ್ಲಿ ನಿಂತ ಗೆರೆ

ಒಂದು ಸಾಲಿನಲ್ಲಿ ನಾಲ್ಕು ಕ್ರಾಸ್ ಇದೆ ಅಂದುಕೊಳ್ಳಿ. ಎಡದಿಂದ ಬಲಕ್ಕೆ ಬರೀ ಅಡಿಯ ಓರೆಗಳನ್ನು ಹಾಕುತ್ತಾ ಹೋಗಿ: ಎಡ ಕೆಳಮೂಲೆಯಲ್ಲಿ ಮೇಲೆ ಬಂದು, ಬಲ ಮೇಲ್ಮೂಲೆಯಲ್ಲಿ ಇಳಿಯುವುದು. ಕೊನೆ ಮುಟ್ಟಿದ ಮೇಲೆ ಬಲದಿಂದ ಎಡಕ್ಕೆ ವಾಪಸ್ ಬರುತ್ತಾ ಮೇಲಿನ ಓರೆಗಳನ್ನು ಹಾಕಿ: ಬಲ ಕೆಳಮೂಲೆಯಲ್ಲಿ ಮೇಲೆ ಬಂದು, ಎಡ ಮೇಲ್ಮೂಲೆಯಲ್ಲಿ ಇಳಿಯುವುದು. ಬಟ್ಟೆ ತಿರುಗಿಸಿ ನೋಡಿ. ಹಿಂಬದಿಯಲ್ಲಿ ಓರೆ ಒಂದೂ ಇರುವುದಿಲ್ಲ, ಚಿಕ್ಕ ಚಿಕ್ಕ ನಿಂತ ಗೆರೆಗಳು ಮಾತ್ರ ಸಾಲಾಗಿ ಕಾಣುತ್ತವೆ. ಮುಂದೆ ದಾರ ನುಸುಳಿಸುವುದಕ್ಕೆ, ಕೊನೆಗೆ ಮುಗಿಸುವುದಕ್ಕೆ ಈ ಗೆರೆಗಳೇ ಆಧಾರ.

ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ಹೊಲಿಯಿರಿ. ವಾಪಸ್ ಬಂದಾಗ ಸೂಜಿ ಎಡ ಮೇಲ್ಮೂಲೆಯಲ್ಲಿ ಇಳಿದಿರುತ್ತದೆ. ಕೆಳಗಿನ ಸಾಲಿನ ಮೊದಲ ತೂತು ಅದರ ನೇರ ಕೆಳಗೆ, ನಾಲ್ಕು ಎಳೆ ದೂರದಲ್ಲಿದೆ. ದಾರ ಅಲ್ಲಿಗೂ ನೆಟ್ಟಗೆ ಇಳಿಯುತ್ತದೆ. ಇನ್ನೊಂದು ಅನುಕೂಲ: ಕೆಳಗಿನ ತೂತುಗಳು ಯಾವಾಗಲೂ ಖಾಲಿ, ಮೇಲಿನ ತೂತುಗಳಲ್ಲಿ ಆಗಲೇ ದಾರ ಇರುತ್ತದೆ. ಖಾಲಿ ತೂತಿನಲ್ಲಿ ಮೇಲೆ ಬಂದು ತುಂಬಿದ ತೂತಿನಲ್ಲಿ ಇಳಿದರೆ ಹಳೆಯ ದಾರ ಸೀಳುವುದಿಲ್ಲ.

ಸಿಪ್ಪೆಯ ಸುತ್ತಿನಲ್ಲಿ ಕೆಳಗಿನಿಂದ ಮೇಲಕ್ಕೂ ಹೋಗಬೇಕಾಗುತ್ತದೆ. ಅಲ್ಲಿ ಒಂದು ತೊಡಕು. ಕ್ರಾಸ್ ಮುಗಿದು ಸೂಜಿ ಇಳಿದ ಎಡ ಮೇಲ್ಮೂಲೆಯೇ ಮೇಲಿನ ಕ್ರಾಸಿನ ಎಡ ಕೆಳಮೂಲೆ. ಅದೇ ತೂತಿನಲ್ಲಿ ಮತ್ತೆ ಮೇಲೆ ಬಂದರೆ ಹಾಕಿದ ಹೊಲಿಗೆ ಕಿತ್ತು ಬರುತ್ತದೆ. ಇದಕ್ಕೆ ಮೇಲಿನ ಓರೆಯನ್ನು ಮಾತ್ರ ಉಲ್ಟಾ ಹಾಕಿ, ಎಡ ಮೇಲ್ಮೂಲೆಯಲ್ಲಿ ಬಂದು ಬಲ ಕೆಳಮೂಲೆಯಲ್ಲಿ ಇಳಿಯಿರಿ. ಮುಂದಿನಿಂದ ನೋಡಿದರೆ ಓರೆಯ ದಿಕ್ಕು ಅದೇ ಇರುತ್ತದೆ. ಇಡೀ ಚಿತ್ರದಲ್ಲಿ ಮೇಲಿನ ಓರೆ ಒಂದೇ ದಿಕ್ಕಿಗೆ ವಾಲಿರಬೇಕು, ಅದನ್ನು ಮಾತ್ರ ಮರೆಯಬೇಡಿ.

ದಾಳಿಂಬೆ ಬೀಜಗಳ ದಾರಿ

ನಮ್ಮ ಚಾರ್ಟಿನಲ್ಲಿ ಬೀಜಗಳ ಆರು ಗುಂಪುಗಳಿವೆ. ಒಂದೊಂದು ಗುಂಪಿನಲ್ಲೂ ಎರಡು ಸಾಲು, ಸಾಲಿಗೆ ಮೂರು ಬೀಜ. ಒಂದು ಬೀಜ ಅಂದರೆ ಅಡ್ಡ ಮೂರು, ಉದ್ದ ಎರಡು ಕ್ರಾಸ್. ಅದರಲ್ಲಿ ಬಲ ಮೇಲಿನ ಒಂದು ಕ್ರಾಸ್ ತಿಳಿ ಗುಲಾಬಿ, ಬೀಜದ ಹೊಳಪು ಅದು. ಉಳಿದ ಐದು ಕಡು ಕೆಂಪು. ಬೀಜದಿಂದ ಬೀಜಕ್ಕೆ ಒಂದು ಕ್ರಾಸಿನಷ್ಟು ಕೆನೆ ಬಣ್ಣ. ಗುಂಪಿನಿಂದ ಗುಂಪಿಗೆ ನಾಲ್ಕು ಕ್ರಾಸ್ ದಪ್ಪದ ಕೆನೆ ಗೋಡೆ.

ಒಂದು ಗುಂಪಿನಲ್ಲಿ 30 ಕೆಂಪು ಕ್ರಾಸ್. ಒಂದು ದಾರಕ್ಕೆ ಹಿಡಿಯುವ ಲೆಕ್ಕ.

ಮೊದಲ ಬೀಜದ ಮೇಲಿನ ಸಾಲು: ಎರಡು ಕೆಂಪು ಕ್ರಾಸ್. ಬಲಕ್ಕೆ ಹೋಗಿ ವಾಪಸ್ ಬನ್ನಿ. ಸೂಜಿ ಎಡದಲ್ಲಿದೆ. ಕೆಳಗಿನ ಸಾಲಿಗೆ ಇಳಿಯಿರಿ, ಇಲ್ಲಿ ಮೂರು ಕೆಂಪು ಕ್ರಾಸ್. ಇದನ್ನೂ ಹೋಗಿ ವಾಪಸ್ ಬಂದು ಮುಗಿಸಿದರೆ ಸೂಜಿ ಮತ್ತೆ ಎಡಕ್ಕೇ ನಿಲ್ಲುತ್ತದೆ. ಮುಂದಿನ ಬೀಜ ಇರುವುದು ಬಲಕ್ಕೆ. ಉದ್ದ ಜಿಗಿತ ಹುಟ್ಟುವುದೇ ಇಂಥ ಕಡೆ. ಹಾಗಾಗಿ ಈ ಸಾಲನ್ನು ಒಂದೊಂದೇ ಪೂರ್ತಿ ಕ್ರಾಸ್ ಆಗಿ ಹೊಲಿಯುತ್ತಾ ಬಲಕ್ಕೆ ಹೋಗಿ. ಹಿಂಬದಿಯಲ್ಲಿ ಒಂದೆರಡು ಸಣ್ಣ ಓರೆ ಬರುತ್ತದೆ, ಬರಲಿ. ಮೂರನೆಯ ಕ್ರಾಸಿನ ಎಡ ಮೇಲ್ಮೂಲೆಯಲ್ಲಿ ಸೂಜಿ ಇಳಿಯಿತು. ಪಕ್ಕದ ಬೀಜದ ಮೇಲಿನ ಸಾಲು ಶುರುವಾಗುವ ತೂತು ಅದೇ ಗೆರೆಯಲ್ಲಿ, ಬಲಕ್ಕೆ ನಾಲ್ಕು ಎಳೆ ದೂರದಲ್ಲಿದೆ. ಮೂರೂವರೆ ಮಿಲಿಮೀಟರ್ ಚಿಲ್ಲರೆ. ಅದರಲ್ಲಿ ಎರಡು ಎಳೆ ಬೀಜದ ಅಡಿಯಲ್ಲೇ ಮುಚ್ಚಿಹೋಗುತ್ತದೆ. ಕೆನೆ ಬಣ್ಣದ ಹಿಂದೆ ಹೋಗುವುದು ಉಳಿದ ಎರಡೇ ಎಳೆ.

ಮೂರನೆಯ ಬೀಜ ಮುಗಿದ ಮೇಲೆ ಸೂಜಿಯನ್ನು ಅದರ ಹಿಂಬದಿಯ ನಿಂತ ಗೆರೆಗಳ ಅಡಿಯಲ್ಲಿ ನುಸುಳಿಸಿ, ಕೆಳಗಿನ ಸಾಲಿನ ಬಲ ತುದಿಯ ಬೀಜಕ್ಕೆ ಇಳಿಸಿ. ಈಗ ನಾವು ಎಡಕ್ಕೆ ಹೋಗಬೇಕು. ಈ ಬೀಜಗಳಲ್ಲಿ ಎರಡೂ ಸಾಲನ್ನು ಹೋಗಿ ವಾಪಸ್ ಬರುವ ಕ್ರಮದಲ್ಲೇ ಹೊಲಿಯಿರಿ, ಸೂಜಿ ತಾನಾಗಿ ಎಡಕ್ಕೆ ನಿಲ್ಲುತ್ತದೆ. ಅಲ್ಲಿಂದ ಎಡ ಪಕ್ಕದ ಬೀಜದ ಮೊದಲ ತೂತಿಗೆ ಎಂಟು ಎಳೆ. ಜಾಸ್ತಿ ಆಯಿತು ಅನ್ನಿಸುತ್ತದೆ ಅಲ್ವಾ? ಆದರೆ ಎಣಿಸಿ ನೋಡಿ. ಎಂಟರಲ್ಲಿ ಆರು ಎಳೆ ಆ ಬೀಜವೇ ಕೂರಬೇಕಾದ ಜಾಗ. ಇನ್ನೊಂದು ಗಳಿಗೆಯಲ್ಲಿ ಅದರ ಮೇಲೆ ಅದೇ ಕೆಂಪು ಬರುತ್ತದೆ. ಕೆನೆಯ ಹಿಂದೆ ಇಲ್ಲೂ ಎರಡೇ ಎಳೆ.

ಈಗ ಒಂದು ಗುಂಪಿನಿಂದ ಇನ್ನೊಂದು ಗುಂಪಿನ ಕಡೆ ನೋಡಿ. ನಡುವೆ ನಾಲ್ಕು ಕ್ರಾಸಿನ ಕೆನೆ ಗೋಡೆ. ಅದೂ ಎಂಟೇ ಎಳೆ! ಆದರೆ ಇಲ್ಲಿ ಹಾರಿಸುವ ಹಾಗಿಲ್ಲ. ಎಂಟಕ್ಕೆ ಎಂಟೂ ಎಳೆ ತಿಳಿ ಬಣ್ಣದ ಹಿಂದೆ ಹೋಗುತ್ತದೆ. ಕೆನೆ ಕ್ರಾಸ್ ಎಷ್ಟೇ ಒತ್ತಾಗಿ ಹಾಕಿದರೂ ಕಡು ಕೆಂಪು ನಸುಗೆರೆಯಾಗಿ, ತೂತಿನ ಹತ್ತಿರ ಚುಕ್ಕಿಯಾಗಿ ಕಾಣುತ್ತದೆ. ಜಿಗಿತ ಕಾಲಿಂಚು ಮೀರಬಾರದು, ಮೂರು ನಾಲ್ಕು ಕ್ರಾಸ್ ಮೀರಬಾರದು ಅಂತ ಎಲ್ಲರೂ ಹೇಳುತ್ತಾರೆ. ಅದು ಸರಿ. ಆದರೆ ನಾನು ದೂರಕ್ಕಿಂತ ಮೊದಲು ನೋಡುವುದು ಆ ದಾರದ ಮೇಲೆ ಯಾವ ಬಣ್ಣ ಬರುತ್ತದೆ ಅಂತ. ಮೇಲೆ ಅದೇ ಬಣ್ಣ ಅಥವಾ ಅದಕ್ಕಿಂತ ಕಡು ಬಣ್ಣ ಬರುವುದಾದರೆ ಎಂಟು ಎಳೆ ಹೋಗಬಹುದು. ತಿಳಿ ಬಣ್ಣ ಬರುವುದಾದರೆ ಎರಡು ಎಳೆಗಿಂತ ಹೆಚ್ಚು ಬೇಡ. ಬರಿ ಬಟ್ಟೆ ಉಳಿಯುವುದಾದರೆ ಒಂದು ಎಳೆಯೂ ಬೇಡ.

ಹಾಗಾಗಿ ಗುಂಪು ಮುಗಿದ ಕೂಡಲೇ ದಾರವನ್ನೂ ಮುಗಿಸಿ. ಹಿಂಬದಿಯಲ್ಲಿ ಅದೇ ಕೆಂಪು ಬಣ್ಣದ ಮೂರು ನಾಲ್ಕು ನಿಂತ ಗೆರೆಗಳ ಅಡಿಯಲ್ಲಿ ಸೂಜಿ ನುಸುಳಿಸಿ, ಒಂದು ಗೆರೆಯನ್ನು ಸುತ್ತಿ ಹಿಂದಕ್ಕೆ ಇನ್ನೆರಡರ ಅಡಿಯಲ್ಲಿ ತನ್ನಿ. ಬುಡಕ್ಕೆ ಕತ್ತರಿಸಿ. ಮಿಕ್ಕ ಬಾಲ ಬಿಟ್ಟರೆ ಮುಂದಿನ ದಾರ ಅದನ್ನು ಎಳೆದುಕೊಂಡು ಮುಂದಕ್ಕೆ ತರುತ್ತದೆ. ಆರು ಗುಂಪಿಗೆ ಆರು ದಾರ. ದಾರ ದಂಡ ಅನ್ನಿಸುವುದು ಸಹಜ. ದಂಡವಾಗುವುದು ಗುಂಪಿಗೆ ನಾಲ್ಕೈದು ಸೆಂಟಿಮೀಟರ್ ಅಷ್ಟೇ.

ಬಣ್ಣಗಳ ಸರದಿ

ಮೊದಲು ಕೆಂಪು, ಆಮೇಲೆ ಗುಲಾಬಿ, ಆಮೇಲೆ ಕೆನೆ, ಕೊನೆಗೆ ಸಿಪ್ಪೆ. ಈ ಸರದಿಗೆ ಕಾರಣ ಇದೆ.

ಗುಲಾಬಿ ಒಂದೊಂದು ಬೀಜಕ್ಕೆ ಒಂದೇ ಕ್ರಾಸ್. ಒಂದರಿಂದ ಇನ್ನೊಂದಕ್ಕೆ ನಾಲ್ಕು ಕ್ರಾಸ್ ದೂರ. ಕೆಂಪು ಮೊದಲೇ ಆಗಿದ್ದರೆ, ನಡುವೆ ಇರುವ ಕೆಂಪು ಕ್ರಾಸುಗಳ ಹಿಂಬದಿ ಗೆರೆಗಳ ಅಡಿಯಲ್ಲಿ ಗುಲಾಬಿ ದಾರ ನುಸುಳಿಸಿಕೊಂಡು ಹೋಗಬಹುದು. ತಿಳಿ ದಾರ ಕಡು ಬಣ್ಣದ ಹಿಂದೆ ಅಡಗುತ್ತದೆ, ಎಲ್ಲೂ ಜೋತು ಬೀಳುವುದಿಲ್ಲ. ನುಸುಳಿಸುವಾಗ ಸೂಜಿ ಕೆಂಪು ದಾರವನ್ನು ಚುಚ್ಚದಿರಲಿ. ಚುಚ್ಚಿದರೆ ಕೆಂಪು ನಾರು ಗುಲಾಬಿಗೆ ಅಂಟಿಕೊಂಡು ಮುಂದೆ ಬರುತ್ತದೆ. ಹೀಗೆ ಆರು ಕ್ರಾಸಿಗೆ ಪೂರ್ತಿ ಉದ್ದದ ದಾರ ಬೇಡ. 50 ಸೆಂಟಿಮೀಟರ್‌ನ ಒಂದೆಳೆಯನ್ನು ಮಡಚಿಕೊಂಡರೆ ಸಾಕು.

ಕೆನೆ ಬಣ್ಣ ಜಾಸ್ತಿ ಇರುವುದರಿಂದ ಸಾಲು ಸಾಲಾಗಿ ಮೇಲಿನಿಂದ ಕೆಳಕ್ಕೆ ಬನ್ನಿ. ನಡುವೆ ಬೀಜ ಅಡ್ಡ ಬಂದರೆ ಮೂರು ಕ್ರಾಸ್ ದಾಟಬೇಕು. ಕೆಂಪು ಗೆರೆಗಳ ಅಡಿಯಲ್ಲಿ ನುಸುಳಿ ಆಚೆ ಹೋಗಿ. ಬೀಜದ ಇಡೀ ಗುಂಪು, ಅಂದರೆ ಹನ್ನೊಂದು ಕ್ರಾಸ್ ದಾಟುವ ಕೆಲಸ ಮಾತ್ರ ಬೇಡ. ಎಡ ಭಾಗಕ್ಕೊಂದು, ಬಲ ಭಾಗಕ್ಕೊಂದು ಸೂಜಿ ಇಟ್ಟುಕೊಳ್ಳಿ. ಒಂದನ್ನು ಹೊಲಿಯುವಾಗ ಇನ್ನೊಂದನ್ನು ಮುಂದಿನ ಬದಿಗೆ ತಂದು, ಚಿತ್ರದಿಂದ ದೂರ, ಬಟ್ಟೆಯ ಅಂಚಿನಲ್ಲಿ ಸಿಕ್ಕಿಸಿಡಿ. ಹಿಂಬದಿಯಲ್ಲಿ ಬಿಟ್ಟರೆ ಎರಡೂ ದಾರ ಹೆಣೆದುಕೊಳ್ಳುತ್ತವೆ.

ಸಿಪ್ಪೆಯ ಹೊರಗೆ ಬರಿ ಬಟ್ಟೆ. ಸುತ್ತು ತಿರುಗುವಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕ್ರಾಸುಗಳಿವೆ. ಅಲ್ಲಿ ಹೊರಗಿನಿಂದ ಅಡ್ಡಹಾದಿ ಹಿಡಿಯಬೇಡಿ. ದಾರ ಯಾವಾಗಲೂ ಸಿಪ್ಪೆಯ ಒಳಗೇ ಇರಬೇಕು, ಬೇಕಿದ್ದರೆ ಒಂದು ಕ್ರಾಸಿನ ಹಿಂದೆ ನುಸುಳಿ ಹೋಗಲಿ.

ನಡುನಡುವೆ ನೋಡಿಕೊಳ್ಳುವುದು, ಕೊನೆಗೆ ತೊಳೆಯುವುದು

ಒಂದು ಗುಂಪು ಮುಗಿದಾಗಲೆಲ್ಲ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯಿರಿ. ಹಾರಿಸಿದ ದಾರ ಇದ್ದರೆ ನೆರಳಿನ ಹಾಗೆ ಕಾಣುತ್ತದೆ. ಆಮೇಲೆ ಬಿಳಿ ಹಾಳೆಯ ಮೇಲೆ ಇಟ್ಟು ನೋಡಿ, ಫ್ರೇಮಿನಲ್ಲಿ ಕಾಣುವುದು ಹಾಗೇ. ಹಿಂಬದಿಯ ಮೇಲೆ ಬೆರಳು ಆಡಿಸಿ. ಬೆರಳಿಗೆ ಸಿಕ್ಕುವ ಕುಣಿಕೆ ಇದ್ದರೆ ಮುಂದಿನ ಹೊಲಿಗೆ ಹಾಕುವ ಮೊದಲೇ ಸೂಜಿ ತುದಿಯಿಂದ ಎಳೆದು ಸರಿಮಾಡಿ. ಹೊಲಿದ ಜಾಗ ಸುಕ್ಕಾಗಿ ಕಂಡರೆ ದಾರವನ್ನು ಬಿಗಿ ಎಳೆಯುತ್ತಿದ್ದೀರಿ ಅಂತ. ಈ ಬಟ್ಟೆಯಲ್ಲಿ ಬಿಗಿ ಎಳೆದರೆ ಎಳೆಗಳು ಒಟ್ಟುಗೂಡಿ ಮೂಲೆಗಳಲ್ಲಿ ದೊಡ್ಡ ತೂತು ಬೀಳುತ್ತದೆ. ದಾರ ಬಟ್ಟೆಯ ಮೇಲೆ ಮಲಗಿದ್ದರೆ ಸಾಕು.

ಒಂದು ಎಳೆ ತಪ್ಪಿದ್ದು ತಡವಾಗಿ ಕಂಡರೆ ಸೂಜಿಯನ್ನು ವಾಪಸ್ ತೂರಿಸಿ ಬಿಚ್ಚಲು ಹೋಗಬೇಡಿ, ದಾರ ಸೀಳುತ್ತದೆ. ಸೂಜಿ ಬಿಚ್ಚಿ, ಹೊಲಿಗೆಗಳನ್ನು ಒಂದೊಂದಾಗಿ ಸೂಜಿ ಮೊನೆಯಿಂದ ಎತ್ತಿ ತೆಗೆಯಿರಿ. ಬಿಚ್ಚಿದ ದಾರ ಜುಂಗುಜುಂಗಾಗಿದ್ದರೆ ಎಸೆದುಬಿಡಿ.

ರಿಂಗನ್ನು ಪ್ರತಿ ಸಲ ಕೆಲಸ ನಿಲ್ಲಿಸಿದಾಗ ತೆಗೆದಿಡಿ. ನಮ್ಮ ಕಡೆಯ ಬೇಸಿಗೆಯ ಧೂಳು ಮತ್ತು ಕೈಯ ಬೆವರು ರಿಂಗಿನ ಅಂಚಿನಲ್ಲೇ ಕೂತು ದುಂಡನೆಯ ಕಲೆ ಬಿಡುತ್ತದೆ.

ಎಲ್ಲ ಮುಗಿದ ಮೇಲೆ ಕಚ್ಚಾ ಹೊಲಿಗೆಯನ್ನು ತುಂಡು ತುಂಡಾಗಿ ಕತ್ತರಿಸಿ ಎಳೆಯಿರಿ. ಉದ್ದಕ್ಕೆ ಒಮ್ಮೆಲೇ ಎಳೆದರೆ ಕ್ರಾಸಿನ ದಾರವೂ ಜೊತೆಗೆ ಬರುತ್ತದೆ. ತಣ್ಣೀರಿನಲ್ಲಿ ಸ್ವಲ್ಪ ಸೌಮ್ಯ ಸೋಪು ಹಾಕಿ ಅದ್ದಿ ತೆಗೆಯಿರಿ, ಉಜ್ಜಬೇಡಿ, ಹಿಂಡಬೇಡಿ. ದಪ್ಪ ಟವೆಲ್ ಮೇಲೆ ಚಿತ್ರದ ಮುಖ ಕೆಳಗೆ ಮಾಡಿ ಹಾಸಿ, ಇನ್ನೂ ಪಸೆ ಇರುವಾಗಲೇ ಹಿಂಬದಿಯಿಂದ ಇಸ್ತ್ರಿ ಮಾಡಿ. ಕ್ರಾಸುಗಳು ಟವೆಲಿನೊಳಗೆ ಇಳಿಯುವುದರಿಂದ ಚಪ್ಪಟೆಯಾಗುವುದಿಲ್ಲ.